ಒಂದು ಎನ್ನುವ ಉತ್ತರ

ಪ್ರಶ್ನೆ ಬಹಳ ಸಣ್ಣದು. '0.1 M ಅಸಿಟಿಕ್ ಆಮ್ಲದ ದ್ರಾವಣದ pH ಎಷ್ಟು? Ka = 1.8 × 10⁻⁵.' ಕೆಳಗೆ ನಾಲ್ಕು ಆಯ್ಕೆಗಳು: 1.00, 2.87, 4.74, 5.74. ಹೂವಿನಹಡಗಲಿಯಲ್ಲಿ ಕೊಟ್ಟರೂ, ಹರಪನಹಳ್ಳಿಯಲ್ಲಿ ಕೊಟ್ಟರೂ, ಕೂಡ್ಲಿಗಿಯಲ್ಲಿ ಕೊಟ್ಟರೂ ತಪ್ಪು ಮಾಡುವ ಹುಡುಗರಲ್ಲಿ ಹೆಚ್ಚಿನವರು ಹೋಗಿ ನಿಲ್ಲುವುದು ಮೊದಲನೆಯ ಆಯ್ಕೆಯ ಮುಂದೆಯೇ. ಒಂದು. ಒಂದು ಎಂಬ ಉತ್ತರಕ್ಕೆ ಅಂಥದೊಂದು ಸೆಳೆತವಿದೆ.

ಈ ಊರುಗಳ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಂಡು ಬಂದವನು ನಾನು. ಉತ್ತರಕ್ಕಿಂತ ರಫ್ ಹಾಳೆ ನೋಡುವುದು ನನಗೆ ರೂಢಿ. ಓಎಂಆರ್ ಹಾಳೆಯಲ್ಲಿ ಕಪ್ಪು ಮಾಡಿದ ವೃತ್ತ ಏನನ್ನೂ ಹೇಳುವುದಿಲ್ಲ. ಹುಡುಗ ಎಲ್ಲಿ ದಾರಿ ಬಿಟ್ಟ ಎನ್ನುವುದು ಮೂಲೆಯಲ್ಲಿ ಗೀಚಿದ ಪೆನ್ಸಿಲ್ಲಿನ ಸಾಲುಗಳಲ್ಲಿ ಇರುತ್ತದೆ. ಈ ಪ್ರಶ್ನೆಯ ಮಟ್ಟಿಗೆ ಆ ಸಾಲುಗಳು ಊರು ಬದಲಾದರೂ ಬದಲಾಗುವುದಿಲ್ಲ. ಮೊದಲ ಸಾಲು, [H⁺] = 0.1. ಎರಡನೆಯ ಸಾಲು, pH = −log 10⁻¹. ಮೂರನೆಯ ಸಾಲು, pH = 1. ಮೂರೇ ಸಾಲು, ಅರ್ಧ ನಿಮಿಷದ ಕೆಲಸ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಲಾಗ್ ಸರಿಯಾಗಿದೆ, ಚಿಹ್ನೆ ಸರಿಯಾಗಿದೆ. ತಪ್ಪಿರುವುದು ಮೊದಲ ಸಾಲಿನ ಸಮ ಚಿಹ್ನೆಯಲ್ಲಿ ಮಾತ್ರ. ಎಷ್ಟೋ ಹಾಳೆಗಳಲ್ಲಿ ಪ್ರಶ್ನೆಯಲ್ಲಿದ್ದ Ka ಬೆಲೆಗೆ ಅಡಿಗೆರೆ ಎಳೆದಿರುತ್ತದೆ, ಆದರೆ ಅದನ್ನು ಎಲ್ಲೂ ಬಳಸಿರುವುದಿಲ್ಲ. ಮದುವೆಗೆ ಕರೆದು ಊಟಕ್ಕೆ ಎಲೆ ಹಾಕದ ಅತಿಥಿಯ ಹಾಗೆ ಆ ಸಂಖ್ಯೆ ಸುಮ್ಮನೆ ಕೂತಿರುತ್ತದೆ.

0.1 M ಅಂದರೆ ಒಂದು ಲೀಟರಿನಲ್ಲಿ ಹತ್ತರಲ್ಲಿ ಒಂದು ಮೋಲ್ ಆಮ್ಲವನ್ನು ಕರಗಿಸಿದ್ದೇವೆ ಎಂದರ್ಥ. ಅದು ನಾವು ಹಾಕಿದ ಆಮ್ಲದ ಲೆಕ್ಕ. pH ಕೇಳುವುದು ಆ ಲೆಕ್ಕವನ್ನಲ್ಲ. ಆ ದ್ರಾವಣದಲ್ಲಿ ಈ ಗಳಿಗೆಯಲ್ಲಿ ಬಿಡಿಯಾಗಿ ಓಡಾಡುತ್ತಿರುವ ಹೈಡ್ರೋಜನ್ ಅಯಾನುಗಳು ಎಷ್ಟು ಎಂದು ಅದು ಕೇಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಈ ಎರಡೂ ಒಂದೇ ಆಗಿರುತ್ತವೆ, ಏಕೆಂದರೆ ನೀರಿಗೆ ಬಿದ್ದ HCl ಅಣು ಇಡಿಯಾಗಿ ಉಳಿಯುವುದೇ ಇಲ್ಲ. ಅಸಿಟಿಕ್ ಆಮ್ಲದ ಅಣು ಹಾಗಲ್ಲ. ಅದು ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುತ್ತದೆ. ಎರಡೂ ಒಂದೇ ವೇಗದಲ್ಲಿ ನಡೆಯುವ ಹಂತಕ್ಕೆ ಬಂದು ನಿಂತಾಗ ಒಡೆದ ಪಾಲು ಬಹಳ ಕಡಿಮೆ ಇರುತ್ತದೆ. ಎಷ್ಟು ಕಡಿಮೆ ಎಂದು ಹೇಳುವುದಕ್ಕೇ Ka ಇರುವುದು.

ಲೆಕ್ಕ ಹೀಗೆ ಹೋಗುತ್ತದೆ. ಒಡೆದ ಪಾಲನ್ನು x ಎನ್ನೋಣ. ಆಗ [H⁺] = x, ಅಸಿಟೇಟ್ ಅಯಾನು ಕೂಡ x, ಒಡೆಯದೆ ಉಳಿದ ಆಮ್ಲ 0.1 − x. Ka ಅಂದರೆ x² ಅನ್ನು (0.1 − x) ಇಂದ ಭಾಗಿಸಿದ ಬೆಲೆ. x ಬಹಳ ಸಣ್ಣದಾದ್ದರಿಂದ ಕೆಳಗಿನದನ್ನು 0.1 ಎಂದೇ ಇಟ್ಟುಕೊಂಡರೆ x² = 1.8 × 10⁻⁶, ಅಂದರೆ x = 1.34 × 10⁻³. ಇದರ pH 2.87. ಹಾಕಿದ ಆಮ್ಲ 0.1, ಬಿಡಿ ಹೈಡ್ರೋಜನ್ ಅಯಾನು 0.00134. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 75 ಬರುತ್ತದೆ. ಎಪ್ಪತ್ತೈದು ಅಣುಗಳಲ್ಲಿ ಒಡೆದದ್ದು ಒಂದು, ಉಳಿದ ಎಪ್ಪತ್ನಾಲ್ಕು ಇಡಿಯಾಗಿಯೇ ಇವೆ. ಉತ್ತರ ಒಂದು ಎಂದು ಬರೆದವರು ಆ ಎಪ್ಪತ್ತೈದನ್ನೂ ಒಡೆದು ಹಾಕಿದ್ದಾರೆ. 1.00ಕ್ಕೂ 2.87ಕ್ಕೂ ಕಾಗದದ ಮೇಲೆ ಎರಡಕ್ಕಿಂತ ಕಡಿಮೆ ಅಂತರ ಕಾಣುತ್ತದೆ, ಆದರೆ ಅದು ಎಪ್ಪತ್ತೈದು ಪಟ್ಟಿನ ಅಂತರ.

ಇಷ್ಟು ಸುಲಭದ ಲೆಕ್ಕ ಮಕ್ಕಳಿಗೆ ಗೊತ್ತಿಲ್ಲ ಎಂದುಕೊಂಡರೆ ಅದು ಸರಿಯಲ್ಲ. ಮೊದಲ ಪಿಯುಸಿಯಲ್ಲಿ ಸಮತೋಲನದ ಪಾಠದಲ್ಲಿ ಎಲ್ಲರೂ ಇದನ್ನು ಮಾಡಿರುತ್ತಾರೆ. 'ಈ ಲೆಕ್ಕವನ್ನು Ka ಬಳಸಿ ಬಿಡಿಸಿ' ಎಂದು ಬರೆದು ಕೊಟ್ಟರೆ ತಕರಾರಿಲ್ಲದೆ ಬಿಡಿಸುತ್ತಾರೆ. ಹಾಗೆ ಬರೆಯದೆ ಕೊಟ್ಟಾಗ ಮಾತ್ರ ಎಲ್ಲವನ್ನೂ ಒಡೆದುಬಿಡುತ್ತಾರೆ. ಅದಕ್ಕೆ ಎರಡು ಕಾರಣಗಳಿವೆ ಎಂದು ನನಗೆ ಅನ್ನಿಸುತ್ತದೆ. ಒಂದು ನಮ್ಮ ಮಾತಿನಲ್ಲಿದೆ, ಇನ್ನೊಂದು ನಮ್ಮದೇ ಲ್ಯಾಬಿನಲ್ಲಿದೆ.

ಮಾತಿನದು ಮೊದಲು. ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ತಿಂದ ಮೇಲೆ 'ಚಾ ಸ್ವಲ್ಪ ಸ್ಟ್ರಾಂಗ್ ಇರ್ಲಿ' ಎನ್ನುತ್ತೇವೆ. ಪುಡಿ ಜಾಸ್ತಿ ಹಾಕು, ನೀರು ಕಡಿಮೆ ಮಾಡು ಎಂದು ಅದರ ಅರ್ಥ. ಹುಳಿಗೆ ನೀರು ಹೆಚ್ಚಾದರೆ 'ವೀಕ್' ಆಯಿತು. ಹೀಗೆ ಬಾಯಿಮಾತಿನಲ್ಲಿ ಸ್ಟ್ರಾಂಗ್ ಅಂದರೆ ಗಟ್ಟಿ, ವೀಕ್ ಅಂದರೆ ತೆಳು. ರಸಾಯನಶಾಸ್ತ್ರಕ್ಕೆ ಬಂದಾಗ ಈ ಪದಗಳು ಬೇರೆ ಅರ್ಥ ತೊಟ್ಟಿರುತ್ತವೆ. ಅಲ್ಲಿ ಪ್ರಬಲ ಆಮ್ಲ ಎಂದರೆ ನೀರಿನಲ್ಲಿ ಪೂರ್ತಿ ಒಡೆಯುವ ಆಮ್ಲ, ದುರ್ಬಲ ಎಂದರೆ ಸ್ವಲ್ಪವೇ ಒಡೆಯುವ ಆಮ್ಲ. ಎಷ್ಟು ಹಾಕಿದ್ದೇವೆ ಎನ್ನುವುದಕ್ಕೆ ಸಾರತೆ ಎಂಬ ಬೇರೆ ಮಾತಿದೆ. ಕೊಡ ನೀರಿಗೆ ಒಂದು ತೊಟ್ಟು HCl ಹಾಕಿದರೂ ಅದು ಪ್ರಬಲ ಆಮ್ಲವೇ, ತೆಳುವಾದ ಪ್ರಬಲ ಆಮ್ಲ. ಬಾಟಲಿಯಲ್ಲಿ ನೀರಿಲ್ಲದೆ ಗಟ್ಟಿಯಾಗಿ ನಿಂತ ಅಸಿಟಿಕ್ ಆಮ್ಲ ಮೂಗಿಗೆ ಬಡಿಯುವಷ್ಟು ಘಾಟಾಗಿದ್ದರೂ ದುರ್ಬಲ ಆಮ್ಲವೇ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ 'ದುರ್ಬಲ' ಎಂದು ಓದಿ, ಪಿಯುಸಿಗೆ ಬಂದ ಕೂಡಲೇ 'ವೀಕ್' ಎಂದು ಕೇಳಿಸಿಕೊಳ್ಳುವ ಮಗುವಿಗೆ ಆ ವೀಕ್ ಚಾದ ವೀಕ್ ಆಗಿ ಕೇಳಿಸಿದರೆ ಆಶ್ಚರ್ಯವಿಲ್ಲ. 0.1 M ಎಂದು ಕಂಡ ಕೂಡಲೇ 'ಹೌದು, ತೆಳುವಾಗಿದೆ, ವೀಕ್ ಇದೆ' ಎಂದುಕೊಂಡು, ಆ ಪದದ ಕೆಲಸ ಅಲ್ಲಿಗೆ ಮುಗಿಯಿತು ಎಂದು ಮುಂದೆ ಹೋಗುತ್ತದೆ.

ಲ್ಯಾಬಿನ ಕಾರಣವನ್ನು ನನಗೆ ತೋರಿಸಿಕೊಟ್ಟವಳು ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಹುಡುಗಿ. ಬೇಸಿಗೆಯಲ್ಲಿ ಅವರ ಮನೆಯಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಕೆಲಸ. ಅವಳ ಬೆರಳ ತುದಿಗಳು ಹುಳಿಗೆ ಕಂದಿರುತ್ತಿದ್ದವು. ನೀಟ್ ಬರೆಯಬೇಕೆಂದು ಬಂದವಳು, ಒಂದು ಪರೀಕ್ಷೆಯಲ್ಲಿ ಅಯಾನಿಕ ಸಮತೋಲನದ ಐದು ಪ್ರಶ್ನೆಗಳಿಗೆ ಐದನ್ನೂ ತಪ್ಪಿದ್ದಳು. ನೀಟ್ ಲೆಕ್ಕದಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಳೆತ. ಅಂದರೆ ಪ್ರತಿ ಪ್ರಶ್ನೆಗೂ ಐದು ಅಂಕದ ಅಂತರ, ಐದಕ್ಕೆ ಇಪ್ಪತ್ತೈದು. ಅವಳ ಅಪ್ಪ ಆಗಲೇ ಡಿಗ್ರಿ ಕಾಲೇಜಿನ ಮಾತು ಎತ್ತಿದ್ದರಂತೆ. ನಾನು ಬೋರ್ಡಿನ ಮೇಲೆ ಎಪ್ಪತ್ತೈದರಲ್ಲಿ ಒಂದು ಎಂಬ ಲೆಕ್ಕ ಬರೆದು ಮುಗಿಸಿದಾಗ ಅವಳು ಎದ್ದು ನಿಂತಳು.

'ಸರ, ಪೂರ್ತಿ ಒಡೆಯಂಗಿಲ್ಲ ಅಂತೀರಿ. ಮತ್ತ ಲ್ಯಾಬಿನಾಗ ಬ್ಯುರೆಟ್ಟಿಂದ ಅಷ್ಟೂ NaOH ಹೆಂಗ ಖರ್ಚಾಗ್ತೈತ್ರಿ? ಎಪ್ಪತ್ತೈದರಾಗ ಒಂದೇ ಒಡೆದಿದ್ರ ಒಂದು ಹನಿಗೇ ಬಣ್ಣ ಬರಬೇಕಿತ್ತಲ್ರಿ?'

ಈ ಪ್ರಶ್ನೆ ಪಾಠದ ನಡುಮಧ್ಯಕ್ಕೇ ಕೈ ಹಾಕಿತ್ತು. ಅವಳು ಹೇಳಿದ್ದು ನಿಜ. ಮೊದಲ ಪಿಯುಸಿಯ ಪ್ರಾಯೋಗಿಕದಲ್ಲಿ ಆಕ್ಸಾಲಿಕ್ ಆಮ್ಲದ ದ್ರಾವಣ ಮಾಡಿಕೊಂಡು, ಫಿನಾಲ್ಫ್ಥಲೀನ್ ಹಾಕಿ, ಸೋಡಿಯಂ ಹೈಡ್ರಾಕ್ಸೈಡಿನ ಸಾರತೆ ಕಂಡುಹಿಡಿಯುತ್ತೇವೆ. ಒಂದು ಆಕ್ಸಾಲಿಕ್ ಅಣುವಿಗೆ ಎರಡು ಹೈಡ್ರೋಜನ್, ಆದ್ದರಿಂದ ಎರಡು NaOH ಎಂದು ಲೆಕ್ಕ ಹಾಕಿಸುತ್ತೇವೆ. ಅದು ಯಾವಾಗಲೂ ಸರಿಯಾಗಿಯೇ ಬರುತ್ತದೆ. ಆಕ್ಸಾಲಿಕ್ ಕೂಡ ಪ್ರಬಲ ಆಮ್ಲವಲ್ಲ. ಅದರ ಎರಡನೆಯ ಹೈಡ್ರೋಜನ್ ಅಂತೂ ಸುಲಭಕ್ಕೆ ಬಿಡುವಂಥದ್ದಲ್ಲ. ಆದರೂ ಲ್ಯಾಬಿನಲ್ಲಿ ನಾವು ಎಲ್ಲ ಹೈಡ್ರೋಜನ್ನುಗಳನ್ನೂ ಎಣಿಸುತ್ತೇವೆ, ಅಂಕ ಕೊಡುತ್ತೇವೆ. ಹೀಗೆ ತಿಂಗಳುಗಟ್ಟಲೆ ಎಲ್ಲವನ್ನೂ ಎಣಿಸಿದ ಕೈ ಥಿಯರಿ ಪರೀಕ್ಷೆಯಲ್ಲೂ ಎಲ್ಲವನ್ನೂ ಎಣಿಸುತ್ತದೆ. 10 ಮಿಲಿಲೀಟರ್ 0.1 M HCl ಗೆ ಎಷ್ಟು ಕ್ಷಾರ ಬೇಕೋ, 10 ಮಿಲಿಲೀಟರ್ 0.1 M ಅಸಿಟಿಕ್ ಆಮ್ಲಕ್ಕೂ ಅಷ್ಟೇ ಬೇಕು: 0.1 M NaOH ಆದರೆ ಸರಿಯಾಗಿ 10 ಮಿಲಿಲೀಟರ್. ಹಾಗಿದ್ದ ಮೇಲೆ ಎರಡರ pH ಯಾಕೆ ಬೇರೆ?

ಅವಳಿಗೆ ನಾನು ಹುಣಸೆಹಣ್ಣಿನ ಅಂಗಡಿಯನ್ನೇ ತೋರಿಸಿದೆ. ವ್ಯಾಪಾರಿ ಅಂಗಡಿಯ ಮುಂದೆ ಒಂದು ಕಿಲೋದ ಗುಡ್ಡೆ ಹಾಕಿರುತ್ತಾನೆ. ಒಳಗೆ ಚೀಲಗಳಲ್ಲಿ ಎಪ್ಪತ್ನಾಲ್ಕು ಕಿಲೋ ಇರುತ್ತದೆ. ರಸ್ತೆಯಲ್ಲಿ ಹೋಗುವವನ ಕಣ್ಣಿಗೆ ಬೀಳುವುದು ಗುಡ್ಡೆ ಮಾತ್ರ. pH ಕಾಗದ ಆ ದಾರಿಹೋಕ. ಅದು ಒಳಗಿನ ಚೀಲ ನೋಡುವುದಿಲ್ಲ, ಯಾವುದನ್ನೂ ಕೊಳ್ಳುವುದೂ ಇಲ್ಲ. ಬ್ಯುರೆಟ್ಟಿನಿಂದ ಬೀಳುವ NaOH ದಾರಿಹೋಕನಲ್ಲ, ಸಗಟು ಖರೀದಿದಾರ. ಅವನು ಗುಡ್ಡೆಯನ್ನು ಎತ್ತಿಕೊಂಡ ಕೂಡಲೇ ವ್ಯಾಪಾರಿ ಒಳಗಿನಿಂದ ತಂದು ಮತ್ತೆ ಗುಡ್ಡೆ ಹಾಕುತ್ತಾನೆ. ಅದನ್ನೂ ಎತ್ತಿಕೊಂಡರೆ ಮತ್ತೊಂದು. ಒಳಗಿನ ಕೊನೆಯ ಚೀಲ ಬರಿದಾಗುವವರೆಗೆ ಖರೀದಿ ನಡೆಯುತ್ತಲೇ ಇರುತ್ತದೆ. ಬಿಡಿ ಹೈಡ್ರೋಜನ್ ಅಯಾನನ್ನು ಕ್ಷಾರ ತೆಗೆದುಕೊಂಡಂತೆಲ್ಲ ಸಮತೋಲನ ಮುರಿಯುತ್ತದೆ, ಅದನ್ನು ತುಂಬಲು ಇನ್ನಷ್ಟು ಅಣುಗಳು ಒಡೆಯುತ್ತವೆ. ಲೆ ಶಾಟೆಲಿಯರ್ ನಿಯಮ ಎಂದು ನಾವು ಬೇರೆ ಪಾಠದಲ್ಲಿ ಹೇಳುವುದು ಇದನ್ನೇ. ಹಾಗಾಗಿ ಟೈಟ್ರೇಷನ್ ಒಟ್ಟು ದಾಸ್ತಾನು ಹೇಳುತ್ತದೆ, pH ಮುಂದಿನ ಗುಡ್ಡೆ ಹೇಳುತ್ತದೆ. ಎರಡೂ ನಿಜ, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ.

ಮಾತಿನಲ್ಲಿ ಹೇಳಿದ್ದನ್ನು ಕಣ್ಣಿಗೂ ತೋರಿಸಬೇಕು. ಒಂದೇ ಸಾರತೆಯ HCl ಮತ್ತು ಅಸಿಟಿಕ್ ಆಮ್ಲವನ್ನು ಎರಡು ಪ್ರನಾಳಗಳಲ್ಲಿ ತೆಗೆದುಕೊಂಡು ಪ್ರತಿಯೊಂದಕ್ಕೂ pH ಕಾಗದ ಅದ್ದಿದರೆ ಒಂದು ಕಡುಗೆಂಪಾಗುತ್ತದೆ, ಇನ್ನೊಂದು ಕಿತ್ತಳೆಯ ಕಡೆಗೆ ನಿಲ್ಲುತ್ತದೆ. ಎರಡಕ್ಕೂ ಒಂದೇ ಅಳತೆಯ ಮೆಗ್ನೀಸಿಯಂ ಪಟ್ಟಿ ಹಾಕಿದರೆ HCl ಇರುವ ಕಡೆ ಗುಳ್ಳೆಗಳು ನುಗ್ಗಿ ಬರುತ್ತವೆ, ಅಸಿಟಿಕ್ ಆಮ್ಲದ ಕಡೆ ನಿಧಾನವಾಗಿ ಏಳುತ್ತವೆ. ಪ್ರನಾಳದ ಬಾಯಿಗೆ ಬಲೂನು ಕಟ್ಟಿ, ಮೆಗ್ನೀಸಿಯಂ ಸಾಕಷ್ಟು ಹಾಕಿ ಕಾದರೆ ಕೊನೆಗೆ ಎರಡು ಬಲೂನುಗಳೂ ಒಂದೇ ಗಾತ್ರಕ್ಕೆ ಬರುತ್ತವೆ. ವೇಗದಲ್ಲಿ ಗುಡ್ಡೆ ಕಂಡಿತು, ಬಲೂನಿನಲ್ಲಿ ದಾಸ್ತಾನು ಕಂಡಿತು. ಅದೇ ಹುಡುಗಿ ಎರಡೂ ಬಲೂನುಗಳನ್ನು ಮುಟ್ಟಿ ನೋಡಿ, 'ಹಂಗಾರ ಬ್ಯುರೆಟ್ಟು ಸುಳ್ಳು ಹೇಳಿಲ್ರಿ, ನಾವು ಅದನ್ನ ಕೇಳಿದ್ದ ಪ್ರಶ್ನೇನಾ ಬ್ಯಾರೆ' ಅಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಟೈಟ್ರೇಷನ್ನಿನಲ್ಲೂ ದುರ್ಬಲ ಆಮ್ಲ ತನ್ನ ಗುರುತು ಬಿಟ್ಟೇ ಹೋಗುತ್ತದೆ, ನಾವು ಗಮನಿಸುವುದಿಲ್ಲ ಅಷ್ಟೇ. HCl ಪೂರ್ತಿ ತಟಸ್ಥವಾದಾಗ pH 7 ಇರುತ್ತದೆ. ಮೇಲಿನ ಅಸಿಟಿಕ್ ಆಮ್ಲ ತಟಸ್ಥವಾದಾಗ ಉಳಿಯುವ ಸೋಡಿಯಂ ಅಸಿಟೇಟ್ ದ್ರಾವಣದ pH ಸುಮಾರು 8.7. ಅದಕ್ಕೇ ಅಲ್ಲಿ ಫಿನಾಲ್ಫ್ಥಲೀನ್ ಬೇಕು. ಮಿಥೈಲ್ ಆರೆಂಜ್ ಹಾಕಿದರೆ ಆಮ್ಲ ಇನ್ನೂ ಬಾಕಿ ಇರುವಾಗಲೇ ಬಣ್ಣ ಬದಲಾಗಿ ಲೆಕ್ಕ ಕೆಡುತ್ತದೆ.

ಈಗ ಆ ನಾಲ್ಕು ಆಯ್ಕೆಗಳಿಗೆ ಬರೋಣ. ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ಪ್ರತಿಯೊಂದು ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ, ಆ ದಾರಿಯಲ್ಲಿ ಹೋದ ಹುಡುಗನಿಗೆ 'ನನ್ನ ಉತ್ತರ ಇಲ್ಲೇ ಇದೆ' ಎಂಬ ಸಮಾಧಾನ ಸಿಗಬೇಕು. 1.00 ಎನ್ನುವುದು Ka ಮರೆತು ಎಲ್ಲವನ್ನೂ ಒಡೆದವನಿಗೆ ಇಟ್ಟದ್ದು. 4.74 ಎನ್ನುವುದು ಸಾರತೆಯನ್ನು ಮರೆತು Ka ಗೆ ಮಾತ್ರ ಲಾಗ್ ಹಾಕಿದವನಿಗೆ, ಅಂದರೆ pKa ಅನ್ನೇ pH ಎಂದುಕೊಂಡವನಿಗೆ. (ನಿಜವಾಗಿ pH 4.74 ಆಗುವ ಒಂದು ಗಳಿಗೆ ಇದೆ. ಆಮ್ಲದ ಅರ್ಧ ಪಾಲು ಕ್ಷಾರದೊಂದಿಗೆ ಸೇರಿ ಮುಗಿದಾಗ. ಆದರೆ ಈ ಪ್ರಶ್ನೆಯಲ್ಲಿ ಕ್ಷಾರವೇ ಇಲ್ಲ.) 5.74 ಎನ್ನುವುದು Ka ಯನ್ನೂ ಸಾರತೆಯನ್ನೂ ಗುಣಿಸಿ ವರ್ಗಮೂಲ ತೆಗೆಯಲು ಮರೆತವನಿಗೆ. ನಾಲ್ಕರಲ್ಲಿ ಮೂರು ಹೀಗೆ ಮೂರು ಬೇರೆ ಬೇರೆ ಮರೆವುಗಳ ಹೆಸರುಗಳು. ಇದನ್ನು ತಿಳಿದ ಮೇಲೆ ಮಕ್ಕಳು ಆಯ್ಕೆಗಳನ್ನು ಓದುವ ರೀತಿಯೇ ಬದಲಾಗುವುದನ್ನು ನೋಡಿದ್ದೇನೆ. ತಮ್ಮ ಉತ್ತರ ಆಯ್ಕೆಗಳಲ್ಲಿ ಇದೆ ಎನ್ನುವುದು ಅದು ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ಸಿಇಟಿಯಲ್ಲಿ ಅರವತ್ತು ಪ್ರಶ್ನೆಗೆ ಎಂಬತ್ತು ನಿಮಿಷ, ಅಂದರೆ ಒಂದಕ್ಕೆ ಎಂಬತ್ತು ಸೆಕೆಂಡು. ಕ್ಯಾಲ್ಕುಲೇಟರ್ ಇಲ್ಲ. ಅಲ್ಲಿ ವರ್ಗಮೂಲ ತೆಗೆಯುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಒಂದು ಸುಲಭ ರೂಪವಿದೆ. ವರ್ಗಮೂಲಕ್ಕೆ ಲಾಗ್ ಹಾಕಿದರೆ ಅದು ಅರ್ಧವಾಗುತ್ತದೆ. ಆದ್ದರಿಂದ pH = ½(pKa − log C). ಇದನ್ನು ಸೂತ್ರವಾಗಿ ನೆನಪಿಡುವುದಕ್ಕಿಂತ ಒಂದು ಚಿತ್ರವಾಗಿ ನೆನಪಿಡುವುದು ಒಳ್ಳೆಯದು. ಪೂರ್ತಿ ಒಡೆದಿದ್ದರೆ ಬರುತ್ತಿದ್ದ pH ಒಂದು ತುದಿ, pKa ಇನ್ನೊಂದು ತುದಿ, ದುರ್ಬಲ ಆಮ್ಲದ pH ಸರಿಯಾಗಿ ಅವೆರಡರ ನಡುವೆ. ಇಲ್ಲಿ ಒಂದು ತುದಿ 1, ಇನ್ನೊಂದು 4.74. ಕೂಡಿದರೆ 5.74, ಅರ್ಧ ಮಾಡಿದರೆ 2.87. ಹೊಸಪೇಟೆಯಿಂದ ಹರಿಹರದ ರೈಲು ಹತ್ತಿದವರಿಗೆ ಹಗರಿಬೊಮ್ಮನಹಳ್ಳಿ ದಾಟಿ ಹರಪನಹಳ್ಳಿ ಸೇರುವ ಮುಂಚೆ ಕೊಟ್ಟೂರು ಬಂದೇ ಬರುತ್ತದೆ. ಹಾಗೆಯೇ ಇಲ್ಲಿಯೂ ಎರಡು ತುದಿಗಳ ಹೆಸರು ಬರೆದುಕೊಂಡರೆ ನಡುವಿನ ಊರು ತಾನೇ ಸಿಗುತ್ತದೆ.

ಈ ಚಿತ್ರದಿಂದ ಇನ್ನೊಂದು ಪ್ರಶ್ನೆಯೂ ಬಿಡಿಸಿಕೊಳ್ಳುತ್ತದೆ. 'ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿದರೆ pH ಎಷ್ಟು ಏರುತ್ತದೆ?' HCl ಆದರೆ ಒಂದು ಏರುತ್ತದೆ. ಎಲ್ಲವನ್ನೂ ಒಡೆಯುವ ರೂಢಿಯವರು ಅಸಿಟಿಕ್ ಆಮ್ಲಕ್ಕೂ ಒಂದು ಎಂದೇ ಬರೆಯುತ್ತಾರೆ. ಆದರೆ ಇಲ್ಲಿ ಒಂದು ತುದಿ ಮಾತ್ರ 1ರಿಂದ 2ಕ್ಕೆ ಸರಿಯಿತು, pKa ತುದಿ ಅಲ್ಲಾಡಲಿಲ್ಲ. ನಡುವಿನ ಊರು ಅರ್ಧ ಮಾತ್ರ ಸರಿಯುತ್ತದೆ, 2.87ರಿಂದ 3.37ಕ್ಕೆ. ಕಾರಣವೂ ಸ್ಪಷ್ಟ. ನೀರು ಹೆಚ್ಚಿದಂತೆ ಒಡೆದವು ಮತ್ತೆ ಕೂಡುವುದು ಕಷ್ಟವಾಗುತ್ತದೆ, ಒಡೆಯುವ ಪಾಲು ಏರುತ್ತದೆ. 0.1 M ನಲ್ಲಿ ಶೇಕಡಾ 1.3ರಷ್ಟು ಒಡೆದಿದ್ದ ಆಮ್ಲ 0.01 M ನಲ್ಲಿ ಶೇಕಡಾ 4ಕ್ಕೆ ಸ್ವಲ್ಪ ಹೆಚ್ಚು ಒಡೆಯುತ್ತದೆ. ತೆಳುವಾದದ್ದರ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತದೆ.

ನಡುವಿನ ಊರಿನ ಲೆಕ್ಕವನ್ನು ಕುರುಡಾಗಿ ನಂಬಿದರೆ ಅದೂ ಕೈ ಕೊಡುತ್ತದೆ. ಅದೇ ಅಸಿಟಿಕ್ ಆಮ್ಲವನ್ನು 10⁻⁶ M ಗೆ ತೆಳು ಮಾಡಿ pH ಕೇಳಿದರೆ ತುದಿಗಳು 6 ಮತ್ತು 4.74, ನಡುವೆ 5.37. ನಿಂತು ಯೋಚಿಸಿದರೆ ಇದು ಅಸಾಧ್ಯ. pH 5.37 ಅಂದರೆ ಹೈಡ್ರೋಜನ್ ಅಯಾನು ಸುಮಾರು 4.2 × 10⁻⁶. ನಾವು ಹಾಕಿದ ಆಮ್ಲವೇ 1 × 10⁻⁶. ಇದ್ದ ಹಣ್ಣಿಗಿಂತ ನಾಲ್ಕು ಪಟ್ಟು ಹಣ್ಣು ಗುಡ್ಡೆಯಲ್ಲಿ ಬರುವುದು ಎಲ್ಲಿಂದ? x ಸಣ್ಣದು ಎಂದು ಮೊದಲಿಗೆ ಕೈಬಿಟ್ಟೆವಲ್ಲ, ಇಲ್ಲಿ ಅದು ಸಣ್ಣದಲ್ಲ. ವರ್ಗ ಸಮೀಕರಣವನ್ನು ಪೂರ್ತಿ ಬಿಡಿಸಿದರೆ ಶೇಕಡಾ 95ರಷ್ಟು ಅಣುಗಳು ಒಡೆದಿರುವುದು ಕಾಣುತ್ತದೆ, pH 6.02. ಎಲ್ಲವನ್ನೂ ಒಡೆದುಬಿಡುವ ಹುಡುಗನ ಉತ್ತರ 6 ಇಲ್ಲಿ ಹೆಚ್ಚುಕಡಿಮೆ ಸರಿ. ದುರ್ಬಲ ಎನ್ನುವುದು ಎಲ್ಲ ಸಾರತೆಯಲ್ಲೂ 'ಸ್ವಲ್ಪವೇ ಒಡೆಯುತ್ತದೆ' ಎಂಬ ಮಾತಲ್ಲ ಎಂದು ಈ ಒಂದು ಲೆಕ್ಕ ತೋರಿಸುತ್ತದೆ.

ಹಾಗಾದರೆ ಯಾವಾಗ ನಂಬಬೇಕು? ಎರಡು ತುದಿಗಳ ನಡುವಿನ ಅಂತರ ನೋಡಬೇಕು. pKa ಬೆಲೆ ಇನ್ನೊಂದು ತುದಿಗಿಂತ ಸುಮಾರು 2.6ರಷ್ಟು ಅಥವಾ ಇನ್ನೂ ಹೆಚ್ಚು ಮೇಲಿದ್ದರೆ ಒಡೆದ ಪಾಲು ಶೇಕಡಾ ಐದರ ಒಳಗೇ ಇರುತ್ತದೆ, ಧೈರ್ಯವಾಗಿ ನಡುವಿನ ಬೆಲೆ ಬರೆಯಬಹುದು. ಅಂತರ ಕಡಿಮೆಯಿದ್ದರೆ ವರ್ಗ ಸಮೀಕರಣ ಬಿಡಿಸಬೇಕು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬರುವ 0.02 M ಹೈಡ್ರೋಫ್ಲೋರಿಕ್ ಆಮ್ಲದ ಲೆಕ್ಕ ಅಂಥದ್ದು. ಅದರ Ka 3.2 × 10⁻⁴, ಶೇಕಡಾ 12ರಷ್ಟು ಒಡೆಯುತ್ತದೆ, pH 2.62. ಅಂದಾಜಿನಲ್ಲಿ ಮಾಡಿದರೆ 2.60, ಪೂರ್ತಿ ಒಡೆದರೆ 1.70. ಅಂದಾಜಿನವನು ಹತ್ತಿರ ಬಂದ, ಪೂರ್ತಿ ಒಡೆದವನು ಬೇರೆ ಊರಿಗೇ ಹೋದ. ಈ ಆಮ್ಲದ ಬಗ್ಗೆ ಹೇಳುವಾಗ ಒಂದು ಎಚ್ಚರಿಕೆಯನ್ನೂ ನಾನು ಸೇರಿಸುತ್ತೇನೆ. ದುರ್ಬಲ ಎಂದು ಹೆಸರಾದ ಇದೇ ಆಮ್ಲ ಚರ್ಮದ ಒಳಕ್ಕೆ ಇಳಿದು ಮೂಳೆಯವರೆಗೆ ಹಾನಿ ಮಾಡುವಂಥದ್ದು. ದುರ್ಬಲ ಎಂದರೆ ಸಾಧು ಎಂದೂ ಅರ್ಥವಲ್ಲ.

ಪರೀಕ್ಷೆಯಲ್ಲಿ ಯಾವುದು ಪ್ರಬಲ, ಯಾವುದು ದುರ್ಬಲ ಎಂದು ಗುರುತಿಸುವುದಕ್ಕೆ ದೊಡ್ಡ ಪಟ್ಟಿ ಬೇಕಿಲ್ಲ. ಪಿಯುಸಿ ಮಟ್ಟದಲ್ಲಿ ಆರು ಹೆಸರು ಸಾಕು: HCl, HBr, HI, HNO₃, HClO₄, ಮತ್ತು ಮೊದಲ ಹೈಡ್ರೋಜನ್ ಮಟ್ಟಿಗೆ H₂SO₄. ಇವಲ್ಲದ ಆಮ್ಲ ಬಂದರೆ ಕೈ ತಡೆಯಬೇಕು. ಪ್ರಶ್ನೆಯಲ್ಲಿ Ka, pKa, ಅಥವಾ 'ಶೇಕಡಾ ಇಷ್ಟು ಅಯಾನೀಕರಣ' ಎಂಬ ಮಾತು ಇದ್ದರೂ ಕೈ ತಡೆಯಬೇಕು. ಬಳಸದೇ ಬಿಟ್ಟ ಸಂಖ್ಯೆ ಹಾಳೆಯಲ್ಲಿ ಉಳಿದಿದ್ದರೆ, ಉತ್ತರ ತುಂಬುವ ಮುಂಚೆ ಅದು ಯಾಕೆ ಉಳಿಯಿತು ಎಂದು ಒಮ್ಮೆ ಕೇಳಿಕೊಳ್ಳಬೇಕು.

ಆ ಹುಡುಗಿ ಆಮೇಲೆ ತನ್ನದೇ ಒಂದು ಲೆಕ್ಕ ಮಾಡಿಕೊಂಡು ಬಂದಿದ್ದಳು. ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ, ಅದರ ಅಣುತೂಕ 150. ಲೀಟರ್ ನೀರಿನಲ್ಲಿ 15 ಗ್ರಾಂ ಟಾರ್ಟಾರಿಕ್ ಇದ್ದರೆ 0.1 M. ಎರಡು ಹೈಡ್ರೋಜನ್, ಎರಡೂ ಒಡೆದರೆ pH 0.7. 'ಅಂದ್ರ ನಮ್ಮ ಮನಿ ಸಾರು ಪಾಯಖಾನೆ ತೊಳಿಯೋ ಆ್ಯಸಿಡ್ ಆಗಬೇಕ್ರಿ' ಎಂದು ನಕ್ಕಳು. ಮೊದಲ ಹೈಡ್ರೋಜನ್ನಿನ pKa ಸುಮಾರು 3, ಇನ್ನೊಂದು ತುದಿ 1, ನಡುವೆ 2. ಇಲ್ಲಿ ಅಂತರ ಬರೀ 2, ಆದ್ದರಿಂದ ವರ್ಗ ಸಮೀಕರಣ ಬಿಡಿಸಿಯೇ ನೋಡಿದ್ದಳು, 2.02 ಬಂದಿತ್ತು. ಎರಡನೆಯ ಹೈಡ್ರೋಜನ್ ಇನ್ನೂ ಬಿಗಿಯಾಗಿ ಕೂತಿರುವುದರಿಂದ ಈ ಬೆಲೆಯನ್ನು ಅದು ಅಷ್ಟಾಗಿ ಬದಲಿಸುವುದಿಲ್ಲ. ಮನೆಯಿಂದ ತಂದ ಹುಣಸೆ ನೀರಿಗೆ pH ಕಾಗದ ಅದ್ದಿದಾಗ ಬಣ್ಣ 3ರ ಹತ್ತಿರ ನಿಂತಿತು. ಲೆಕ್ಕಕ್ಕಿಂತ ಯಾಕೆ ಹೆಚ್ಚು ಎಂದು ಮತ್ತೆ ಪ್ರಶ್ನೆ. ಆ ನೀರಿನಲ್ಲಿ ಎಷ್ಟು ಆಮ್ಲ ಇಳಿದಿದೆ ಎಂದು ನಾವು ತೂಗಿರಲಿಲ್ಲ. ಅಲ್ಲದೆ ಹಣ್ಣಿನಲ್ಲಿ ಟಾರ್ಟಾರಿಕ್ಕಿನ ಒಂದು ಪಾಲು ಪೊಟ್ಯಾಸಿಯಂ ಜೊತೆ ಸೇರಿ ಲವಣವಾಗಿಯೇ ಇರುತ್ತದೆ. ಆ ಲವಣದಿಂದ ಬಂದ ಟಾರ್ಟ್ರೇಟ್ ಅಯಾನುಗಳು ಮೊದಲೇ ತುಂಬಿಕೊಂಡಿದ್ದರೆ ಉಳಿದ ಆಮ್ಲ ಇನ್ನೂ ಕಡಿಮೆ ಒಡೆಯುತ್ತದೆ. ಸಮಾನ ಅಯಾನು ಪರಿಣಾಮ ಎಂಬ ಮುಂದಿನ ಪಾಠದ ತಲೆಬರಹವನ್ನು ನಾನು ಬೋರ್ಡಿನ ಮೇಲೆ ಬರೆದೆ. ಅವಳು ಪುಸ್ತಕದ ಹಾಳೆ ಮಗುಚಿದಳು.